ಮಸುಕಿನಲ್ಲಿ ಹುಟ್ಟುವ ಎಳೆಗಳು

ಗೆಲಾಕ್ಸಿಯ ಚಿತ್ರವನ್ನು ಅತಿಯಾಗಿ ಚೂಪು ಮಾಡಿದರೆ ಏನಾಗುತ್ತದೆಂದು ಹಳೆಯ ಹವ್ಯಾಸಿಗಳಿಗೆಲ್ಲ ಗೊತ್ತು. ನಕ್ಷತ್ರಗಳ ಸುತ್ತ ಕಪ್ಪು ಬಳೆ ಮೂಡುತ್ತದೆ, ಹಿನ್ನೆಲೆಯ ಆಕಾಶ ಮರಳು ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಕೈ ಮೀರಿತು ಅನ್ನುವುದನ್ನು ಚಿತ್ರವೇ ಹೇಳುತ್ತಿತ್ತು, ನೋಡಿದವರೂ ಕೂಡಲೇ ಹಿಡಿದುಬಿಡುತ್ತಿದ್ದರು. ಕಳೆದ ಕೆಲವು ವರ್ಷಗಳಲ್ಲಿ ಬಂದ ಎಐ ತಂತ್ರಾಂಶಗಳಲ್ಲಿ ಈ ಗುರುತು ಅಳಿಸಿಹೋಗುತ್ತಿದೆ. ಅವು ತಪ್ಪಿದಾಗ ಕಪ್ಪು ಬಳೆ ಮೂಡುವುದಿಲ್ಲ. ಧೂಳಿನ ಎಳೆ ಮೂಡುತ್ತದೆ, ಸುರುಳಿ ತೋಳಿನಲ್ಲಿ ಗುಲಾಬಿ ಚುಕ್ಕೆ ಮೂಡುತ್ತದೆ. ತಪ್ಪು ಗೆಲಾಕ್ಸಿಯ ವೇಷದಲ್ಲೇ ಬರುತ್ತದೆ. ಸ್ಪರ್ಧೆಗಳು, ಪತ್ರಿಕೆಗಳು, ಹವ್ಯಾಸಿ ಸಂಘಗಳು ಇದನ್ನು ಈಗಲೇ ಗಮನಿಸದಿದ್ದರೆ ಮುಂದೆ ಯಾವ ಚಿತ್ರದಲ್ಲಿರುವುದು ಆಕಾಶದ ಬೆಳಕು, ಯಾವುದರಲ್ಲಿರುವುದು ಯಂತ್ರದ ಊಹೆ ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ಮರೀಚಿ ನಕ್ಷತ್ರದ ಹತ್ತಿರ ಎಂ51 ಎಂಬ ಸುರುಳಿ ಗೆಲಾಕ್ಸಿ ಇದೆ. ಹವ್ಯಾಸಿಗಳಿಗೆ ಬಹಳ ಅಚ್ಚುಮೆಚ್ಚಿನದು. 80 ಮಿಲಿಮೀಟರ್ ಮಸೂರ, 480 ಮಿಲಿಮೀಟರ್ ಸಂಗಮ ದೂರದ ಒಂದು ಸಾಮಾನ್ಯ ದೂರದರ್ಶಕಕ್ಕೆ 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಜೋಡಿಸಿದರೆ ಒಂದೊಂದು ಪಿಕ್ಸೆಲ್ ಆಕಾಶದಲ್ಲಿ 1.6 ಆರ್ಕ್ ಸೆಕೆಂಡ್ ಅಗಲವನ್ನು ಹಿಡಿಯುತ್ತದೆ. ಎಂ51ರ ಉದ್ದ ಸುಮಾರು 11 ಆರ್ಕ್ ಮಿನಿಟ್. ಅಂದರೆ ಇಡೀ ಗೆಲಾಕ್ಸಿ ನಾನೂರು ಚಿಲ್ಲರೆ ಪಿಕ್ಸೆಲ್‌ಗಳಲ್ಲಿ ಮುಗಿಯುತ್ತದೆ. ಅಷ್ಟೂ ಪಿಕ್ಸೆಲ್‌ಗಳು ಚೂಪಾಗಿರುವುದಿಲ್ಲ. ವಾತಾವರಣದ ಅಲುಗಾಟ, ಮಸೂರದ ಮಿತಿ, ಮೌಂಟಿನ ಸಣ್ಣ ಕಂಪನ ಎಲ್ಲ ಸೇರಿ, ಬಿಂದುವಿನಂತೆ ಇರಬೇಕಾದ ನಕ್ಷತ್ರ ಸುಮಾರು 4 ಆರ್ಕ್ ಸೆಕೆಂಡ್ ಅಗಲದ ಉಂಡೆಯಾಗಿ ಬೀಳುತ್ತದೆ. ಎಂ51 ಇರುವ ದೂರ ಸುಮಾರು 2.8 ಕೋಟಿ ಜ್ಯೋತಿರ್ವರ್ಷ. ಆ ದೂರದಲ್ಲಿ 4 ಆರ್ಕ್ ಸೆಕೆಂಡ್ ಎಂದರೆ ಹೆಚ್ಚುಕಡಿಮೆ 540 ಜ್ಯೋತಿರ್ವರ್ಷ. ಅದಕ್ಕಿಂತ ಚಿಕ್ಕದೆಲ್ಲ ಈ ಚಿತ್ರದಲ್ಲಿ ಒಂದರೊಳಗೊಂದು ಬೆರೆತುಹೋಗಿದೆ.

ಇನ್ನು ಸ್ಟ್ಯಾಕಿಂಗ್. ಮೂರು ಮೂರು ನಿಮಿಷದ ಇಪ್ಪತ್ತು ಫ್ರೇಮ್ ತೆಗೆದರೆ ಒಂದು ಗಂಟೆಯ ಬೆಳಕು. ನಕ್ಷತ್ರಗಳನ್ನು ಗುರುತು ಹಿಡಿದು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದಾಗ ಗೆಲಾಕ್ಸಿಯ ಬೆಳಕು ಎಲ್ಲ ಫ್ರೇಮ್‌ಗಳಲ್ಲೂ ಒಂದೇ ಜಾಗದಲ್ಲಿ ಇರುವುದರಿಂದ ನಿಲ್ಲುತ್ತದೆ. ಗೊಂದಲದ ಕಾಳುಗಳು ಪ್ರತಿ ಫ್ರೇಮ್‌ನಲ್ಲೂ ಬೇರೆ ಬೇರೆ ಕಡೆ ಬೀಳುವುದರಿಂದ ಕರಗುತ್ತವೆ. ಇಪ್ಪತ್ತು ಫ್ರೇಮ್‌ಗೆ ಗೊಂದಲ ಸುಮಾರು ನಾಲ್ಕೂವರೆ ಪಟ್ಟು ಇಳಿಯುತ್ತದೆ. ಅದನ್ನು ಇನ್ನೂ ಅರ್ಧಕ್ಕೆ ಇಳಿಸಬೇಕಾದರೆ ಎಂಬತ್ತು ಫ್ರೇಮ್, ಅಂದರೆ ನಾಲ್ಕು ಗಂಟೆ ಬೇಕು. ನಡುವೆ ಉಪಗ್ರಹವೊಂದು ಗೆರೆ ಎಳೆದು ಹೋದರೆ ತಂತ್ರಾಂಶ ಆ ಗೆರೆಯನ್ನು ತೆಗೆದುಹಾಕುತ್ತದೆ. ಆ ಜಾಗದಲ್ಲಿ ಏನಿತ್ತೆಂದು ಉಳಿದ ಎಪ್ಪತ್ತೊಂಬತ್ತು ಫ್ರೇಮ್‌ಗಳು ಹೇಳುವುದರಿಂದ ಅದರಲ್ಲಿ ತಪ್ಪೇನೂ ಇಲ್ಲ. ಪ್ರಾಮಾಣಿಕ ಸಂಸ್ಕರಣೆಯ ಗೆರೆ ಇಲ್ಲಿಯೇ ಇದೆ: ಚಿತ್ರದಲ್ಲಿ ಉಳಿಯುವ ಪ್ರತಿಯೊಂದಕ್ಕೂ ನಮ್ಮದೇ ಫ್ರೇಮ್‌ಗಳು ಸಾಕ್ಷಿ ಹೇಳಬೇಕು. ಮಂಕಾದ ಭಾಗವನ್ನು ಎತ್ತಿ ತೋರಿಸುವ ಸ್ಟ್ರೆಚ್ ಈ ಗೆರೆಯ ಒಳಗಿದೆ. ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಡುವ ಹಬಲ್ ವರ್ಣಕ್ರಮವೂ, ಹೀಗೆ ಮಾಡಿದ್ದೇವೆಂದು ಹೇಳಿಕೊಂಡರೆ, ಒಳಗೇ ಇದೆ. ಬಣ್ಣದ ಬಗ್ಗೆ ನಡೆಯುವ ಜಗಳ ಹಳೆಯದು. ಈಗಿನ ಅಪಾಯ ಬಣ್ಣದಲ್ಲಿಲ್ಲ.

ಅಪಾಯ ಇರುವುದು ಮಸುಕು ಬಿಡಿಸುವ ಹಂತದಲ್ಲಿ. ಇದನ್ನು ಡಿಕನ್ವಲ್ಯೂಶನ್ ಅನ್ನುತ್ತಾರೆ. ಇದು ಹೊಸದಲ್ಲ. 1972ರಲ್ಲಿ ರಿಚರ್ಡ್‌ಸನ್, 1974ರಲ್ಲಿ ಲೂಸಿ ಬೇರೆ ಬೇರೆಯಾಗಿ ಕೊಟ್ಟ ವಿಧಾನ ಇಂದಿಗೂ ಬಳಕೆಯಲ್ಲಿದೆ. ಹಬಲ್‌ನ ಕನ್ನಡಿಯ ದೋಷ 1993ರ ಕೊನೆಯಲ್ಲಿ ದುರಸ್ತಿಯಾಗುವವರೆಗೆ ಖಗೋಳಜ್ಞರು ಇಂಥ ವಿಧಾನಗಳಿಂದಲೇ ಅದರ ಚಿತ್ರಗಳನ್ನು ತಿದ್ದಿಕೊಂಡರು. ನಿಮ್ಮ ಚಿತ್ರದಲ್ಲಿ ಒಂದು ನಕ್ಷತ್ರ ಹೇಗೆ ಹರಡಿದೆ ಎಂದು ಅಳೆದು, ಅದೇ ಹರಡುವಿಕೆಯನ್ನು ಹಿಮ್ಮುಖವಾಗಿ ಬಿಡಿಸುತ್ತಾ ಹೋಗುವುದು ಅದರ ಕ್ರಮ. ಅಳತೆ ನಿಮ್ಮ ಆ ರಾತ್ರಿಯ ಆಕಾಶದ್ದೇ. 4 ಆರ್ಕ್ ಸೆಕೆಂಡಿನ ಉಂಡೆ ಎಚ್ಚರದಿಂದ ಮಾಡಿದರೆ 3ರ ಆಸುಪಾಸಿಗೆ ಇಳಿಯಬಹುದು. ಅದಕ್ಕಿಂತ ಒತ್ತಿದರೆ ಆ ಕಪ್ಪು ಬಳೆಗಳು ಬಂದು ತಡೆಯುತ್ತವೆ.

ಎಐ ತಂತ್ರಾಂಶದ ದಾರಿ ಬೇರೆ. ಹಬಲ್‌ನಂಥ ದೊಡ್ಡ ದೂರದರ್ಶಕದ ಚೂಪಾದ ಚಿತ್ರಗಳನ್ನು ಬೇಕೆಂದೇ ಮಸುಕು ಮಾಡಿ, ಮಸುಕಾದದ್ದನ್ನೂ ಮೂಲವನ್ನೂ ಜೋಡಿಯಾಗಿ ಸಾವಿರಾರು ಸಲ ತೋರಿಸಿ ಅದನ್ನು ಪಳಗಿಸಲಾಗುತ್ತದೆ. ಇಂಥ ಮಸುಕಿನ ಹಿಂದೆ ಸಾಮಾನ್ಯವಾಗಿ ಎಂಥ ಆಕಾರ ಇರುತ್ತದೆ ಎಂಬುದನ್ನು ಅದು ಕಲಿಯುತ್ತದೆ. ಒಳ್ಳೆಯ ತಂತ್ರಾಂಶ, ಸಾಕಷ್ಟು ಬೆಳಕು, ಕಡಿಮೆ ಒತ್ತು ಇದ್ದಾಗ ಫಲಿತಾಂಶ ನಿಜಕ್ಕೆ ಹತ್ತಿರವೇ ಇರುತ್ತದೆ. ನಕ್ಷತ್ರಗಳನ್ನಂತೂ ಚೆನ್ನಾಗಿ ತಿದ್ದುತ್ತದೆ. ತೊಂದರೆ ಶುರುವಾಗುವುದು ಬೆಳಕು ಕಡಿಮೆ ಇದ್ದಲ್ಲಿ. ಎಂ51ರಿಂದ ಅದರ ಸಂಗಾತಿ ಎನ್‌ಜಿಸಿ 5195ರ ಕಡೆಗೆ ಚಾಚಿದ ತೋಳನ್ನು ಪರದೆಯ ಮೇಲೆ ಮೂರು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡಿ. ಒಂದು ಗಂಟೆಯ ಸ್ಟ್ಯಾಕ್‌ನಲ್ಲಿ ಅಲ್ಲಿ ಕಾಣುವುದು ಅಲ್ಲಲ್ಲಿ ಗಾಢವಾದ ಕಂದು ಮಬ್ಬು ಮಾತ್ರ. ಆ ಮಬ್ಬಿನಲ್ಲಿ ಧೂಳು ಎಷ್ಟು, ಗೊಂದಲದ ಕಾಳು ಎಷ್ಟು ಎಂದು ತಂತ್ರಾಂಶಕ್ಕೂ ಗೊತ್ತಾಗುವುದಿಲ್ಲ. ಪೂರ್ತಿ ಒತ್ತಿ ಓಡಿಸಿದರೆ ಅಕ್ಕಪಕ್ಕದ ಕಾಳುಗಳನ್ನು ಕೂಡಿಸಿ ಒಂದು ಪಿಕ್ಸೆಲ್ ಅಗಲದ ಕಪ್ಪು ಎಳೆ ನೇಯುತ್ತದೆ. ಒಂದು ಪಿಕ್ಸೆಲ್ ಎಂದರೆ ಅಲ್ಲಿ ಸುಮಾರು 220 ಜ್ಯೋತಿರ್ವರ್ಷ. 540ಕ್ಕಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದ ಫ್ರೇಮ್‌ಗಳಿಂದ ಆ ಎಳೆ ಬರಲು ಸಾಧ್ಯವೇ ಇಲ್ಲ.

ನಕ್ಷತ್ರ ತೆಗೆಯುವ ತಂತ್ರಾಂಶದಲ್ಲೂ ಇದೇ ಕತೆ. ನಕ್ಷತ್ರಗಳನ್ನು ಬೇರ್ಪಡಿಸಿ, ಗೆಲಾಕ್ಸಿಯನ್ನಷ್ಟೇ ಸಂಸ್ಕರಿಸಿ, ಆಮೇಲೆ ಮತ್ತೆ ಸೇರಿಸುವುದು ಈಗ ವಾಡಿಕೆ. ಆದರೆ ಎಂ51ರ ತೋಳುಗಳಲ್ಲಿ ಜಲಜನಕ ಹೊಳೆಯುವ ಸಣ್ಣ ಗಂಟುಗಳು ನೂರಾರಿವೆ. ಸಣ್ಣ ದೂರದರ್ಶಕದಲ್ಲಿ ಅವೂ ನಕ್ಷತ್ರದಂತೆಯೇ ಕಾಣುತ್ತವೆ. ತಂತ್ರಾಂಶ ಕೆಲವನ್ನು ನಕ್ಷತ್ರವೆಂದುಕೊಂಡು ಎತ್ತಿಬಿಡುತ್ತದೆ, ಉಳಿದ ಗುಳಿಯನ್ನು ಸುತ್ತಲಿನ ತೋಳಿಗೆ ಒಪ್ಪುವಂತೆ ತುಂಬುತ್ತದೆ. ಆ ತುಂಬಿದ ಭಾಗಕ್ಕೆ ಯಾವ ಫ್ರೇಮ್‌ನಲ್ಲೂ ಸಾಕ್ಷಿ ಇಲ್ಲ.

ಹಾಗಾದರೆ ಪತ್ತೆ ಹೇಗೆ? ನನಗೆ ಹೆಚ್ಚು ನಂಬಿಕೆ ಇರುವ ಪರೀಕ್ಷೆ ಖರ್ಚಿಲ್ಲದ್ದು. ಎಂಬತ್ತು ಫ್ರೇಮ್‌ಗಳನ್ನು ಬೆಸ ಸಂಖ್ಯೆಯವು, ಸರಿ ಸಂಖ್ಯೆಯವು ಎಂದು ನಲವತ್ತು ನಲವತ್ತಾಗಿ ಒಡೆಯಿರಿ. ಎರಡನ್ನೂ ಬೇರೆ ಬೇರೆ ಸ್ಟ್ಯಾಕ್ ಮಾಡಿ, ಅದೇ ಹಂತಗಳನ್ನು ಅದೇ ಅಳತೆಯಲ್ಲಿ ಎರಡಕ್ಕೂ ಓಡಿಸಿ, ಪರದೆಯ ಮೇಲೆ ಒಂದಾದ ಮೇಲೊಂದು ಬದಲಿಸಿ ನೋಡಿ. ನಿಜವಾದ ಧೂಳಿನ ಪಟ್ಟಿ ಎರಡರಲ್ಲೂ ಕದಲದೆ ನಿಲ್ಲುತ್ತದೆ. ಗೊಂದಲದಿಂದ ನೇಯ್ದ ಎಳೆ ಒಂದರಲ್ಲಿ ಎಡಕ್ಕೆ ಬಾಗಿದ್ದರೆ ಇನ್ನೊಂದರಲ್ಲಿ ಬಲಕ್ಕೆ ಬಾಗಿರುತ್ತದೆ, ಇಲ್ಲವೇ ಮಾಯವಾಗಿರುತ್ತದೆ. ಈ ಪರೀಕ್ಷೆಗೂ ಒಂದು ಮಿತಿ ಇದೆ. ತಂತ್ರಾಂಶ ತನ್ನ ಅಭ್ಯಾಸಬಲದಿಂದ ಒಂದೇ ಮಬ್ಬನ್ನು ಎರಡೂ ಸಲ ಒಂದೇ ರೀತಿ ತಪ್ಪಾಗಿ ಓದಬಹುದು. ಅದನ್ನು ಹಿಡಿಯಲು ದೊಡ್ಡ ದೂರದರ್ಶಕದ ಚಿತ್ರದ ಜೊತೆ ಇಟ್ಟು ನೋಡಬೇಕು. ಹಬಲ್‌ನ ಸಂಗ್ರಹ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಒಟ್ಟಾರೆ ಹೋಲಿಕೆ ಸಾಲದು, ಗಂಟು ಗಂಟೂ ಅದರದರ ಜಾಗದಲ್ಲೇ ಇದೆಯೇ ಎಂದು ನೋಡಬೇಕು. ಇಲ್ಲೂ ಒಂದು ತೊಡಕಿದೆ: ಎಂ51ರಂಥ ಪ್ರಸಿದ್ಧ ಗೆಲಾಕ್ಸಿಯ ಹಬಲ್ ಚಿತ್ರವನ್ನೇ ನೋಡಿ ಕಲಿತ ತಂತ್ರಾಂಶ ಅಲ್ಲಿ ಪಾಸಾಗಿ, ಯಾರೂ ಹೆಚ್ಚು ನೋಡಿರದ ಮಂಕು ನೀಹಾರಿಕೆಯಲ್ಲಿ ನಪಾಸಾಗಬಹುದು. ಹೊಸತೇನಾದರೂ ಸಿಗುವ ಸಂಭವ ಇರುವುದು ಅಂಥ ಕಡೆಯೇ.

2022ರಲ್ಲಿ ಯಾನ್ ಸಾಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಎಂಬ ಮೂವರು ಹವ್ಯಾಸಿಗಳು ಆಂಡ್ರೊಮಿಡಾ ಗೆಲಾಕ್ಸಿಯ ಪಕ್ಕದಲ್ಲಿ ಆಮ್ಲಜನಕದ ನೀಲಿ ಬೆಳಕಿನ ಒಂದು ಕಮಾನನ್ನು ಕಂಡರು. ಆಕಾಶದಲ್ಲಿ ಅದರ ಉದ್ದ ಸುಮಾರು ಒಂದೂವರೆ ಡಿಗ್ರಿ, ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಲೆಕ್ಕವಿಲ್ಲದಷ್ಟು ಸಲ ಚಿತ್ರ ತೆಗೆದ ಆ ಜಾಗದಲ್ಲಿ ಇಷ್ಟು ದೊಡ್ಡದು ಅಡಗಿತ್ತೆಂದರೆ ಯಾರಿಗಾದರೂ ಮೊದಲು ಬರುವುದು ಅನುಮಾನವೇ. ಬೇರೆ ದೂರದರ್ಶಕ, ಬೇರೆ ಕ್ಯಾಮೆರಾಗಳಿಂದ ಮತ್ತೆ ತೆಗೆಸಿ, ನೂರು ಗಂಟೆಗೂ ಮೀರಿ ಬೆಳಕು ಕೂಡಿಸಿ, ಅದು ನಿಜವೆಂದು ಖಚಿತವಾದ ಮೇಲೆಯೇ ವೃತ್ತಿಪರ ಖಗೋಳಜ್ಞರ ಜೊತೆ 2023ರ ಆರಂಭದಲ್ಲಿ ಪ್ರಕಟಿಸಿದರು. ಕೋಣೆಯಲ್ಲಿ ಕೂತು ಒಂದೆರಡು ಗಂಟೆಯ ಸ್ಟ್ಯಾಕ್‌ನಿಂದ ಇಂಥ ಕಮಾನುಗಳನ್ನು ಎಳೆದು ತೋರಿಸುವುದು ಸುಲಭವಾಗಿಬಿಟ್ಟರೆ, ಮುಂದಿನ ಸಲ ನಿಜವಾದದ್ದು ಸಿಕ್ಕಾಗ ಅದನ್ನು ಪರೀಕ್ಷಿಸಲು ದೂರದರ್ಶಕದ ಸಮಯ ಕೊಡುವವರು ಯಾರು?

2023ರ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಎಂ101 ಗೆಲಾಕ್ಸಿಯಲ್ಲಿ ಒಂದು ಸೂಪರ್‌ನೋವಾ ಕಂಡುಹಿಡಿದರು. ಅದು ಸಿಡಿದದ್ದು ಯಾವ ಹೊತ್ತಿನಲ್ಲಿ ಎಂದು ನಿಖರವಾಗಿ ತಿಳಿಯಲು ನೆರವಾದದ್ದು ಆ ಪತ್ತೆಗೂ ಮುಂಚಿನ ಗಂಟೆಗಳಲ್ಲಿ ಯಾವ ಯೋಚನೆಯೂ ಇಲ್ಲದೆ ಅದೇ ಗೆಲಾಕ್ಸಿಯನ್ನು ತೆಗೆಯುತ್ತಿದ್ದ ಹವ್ಯಾಸಿಗಳ ಫ್ರೇಮ್‌ಗಳು. ಆ ಮೊದಲ ಗಂಟೆಗಳಲ್ಲಿ ಅದು ಗೊಂದಲದ ಕಾಳಿಗಿಂತ ಸ್ವಲ್ಪವೇ ಮೇಲೆದ್ದ ಚುಕ್ಕೆ. ಗೊಂದಲ ಒರೆಸುವ ತಂತ್ರಾಂಶ ಅದನ್ನೂ ಒರೆಸಿಬಿಡಬಹುದು, ಇಲ್ಲದ ಕಡೆ ಅಂಥದ್ದೇ ಒಂದನ್ನು ನೆಡಲೂಬಹುದು. ಕಚ್ಚಾ ಫ್ರೇಮ್‌ಗಳು ಉಳಿದಿದ್ದರೆ ಮಾತ್ರ ಅಳತೆ ಸಾಧ್ಯ. ಡಿಸ್ಕ್ ತುಂಬಿತೆಂದು ಅವನ್ನು ಅಳಿಸಿ, ಮುಗಿದ ಚಿತ್ರವನ್ನಷ್ಟೇ ಇಟ್ಟುಕೊಳ್ಳುವ ಅಭ್ಯಾಸ ಬಿಡಬೇಕು.

ಎಐ ತಂತ್ರಾಂಶವನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ, ನಿಷೇಧ ನಡೆಯುವುದೂ ಇಲ್ಲ. ಸ್ಪರ್ಧೆ ನಡೆಸುವವರು ಅಂತಿಮ ಸುತ್ತಿಗೆ ಬಂದ ಪ್ರತಿ ಚಿತ್ರಕ್ಕೂ ಸ್ಟ್ರೆಚ್ ಮಾಡದ ಮೂಲ ಸ್ಟ್ಯಾಕನ್ನೂ ಎರಡು ಅರ್ಧ ಸ್ಟ್ಯಾಕ್‌ಗಳನ್ನೂ ಕೇಳಲಿ. ಪತ್ರಿಕೆಗಳು ಚಿತ್ರದ ಕೆಳಗೆ ಎಷ್ಟು ಗಂಟೆಯ ಬೆಳಕು, ಎಷ್ಟು ದೊಡ್ಡ ದೂರದರ್ಶಕ, ಮೂಲ ಸ್ಟ್ಯಾಕ್‌ನಲ್ಲಿ ನಕ್ಷತ್ರದ ಅಗಲ ಎಷ್ಟು, ಯಾವ ಹಂತದಲ್ಲಿ ಕಲಿತ ತಂತ್ರಾಂಶ ಬಳಸಿದೆ ಎಂದು ಎರಡು ಸಾಲು ಅಚ್ಚು ಹಾಕಲಿ. ನಕ್ಷತ್ರದ ಅಗಲವೊಂದು ಗೊತ್ತಿದ್ದರೂ ಓದುಗರೇ ಅಳೆದು ನೋಡಬಹುದು. ಅರ್ಧ ಸ್ಟ್ಯಾಕ್‌ಗಳನ್ನು ಕೊಡಲಾಗದ ಚಿತ್ರ ಎಷ್ಟೇ ಚೆಂದವಿದ್ದರೂ ಅದನ್ನು ಖಗೋಳ ಛಾಯಾಚಿತ್ರದ ವಿಭಾಗದಲ್ಲಿ ಇಡದೆ ಡಿಜಿಟಲ್ ಕಲೆಯ ವಿಭಾಗದಲ್ಲಿ ಇಡಲಿ. ಈ ನಿಯಮ ಮುಂದಿನ ಸ್ಪರ್ಧೆಯ ಅರ್ಜಿ ನಮೂನೆಯಲ್ಲೇ ಇರಬೇಕು.