ಹನ್ನೊಂದು ನಿಮಿಷಕ್ಕೆ ಅರ್ಧ ದಿನದ ಕೂಲಿ!

ಶಿವಾರಪಟ್ಟಣದ ಶಿಲ್ಪಿ ಬೆಳಿಗ್ಗೆ ಕಾಲು ಗಂಟೆ ತಡವಾಗಿ ಉಳಿ ಹಿಡಿದರೆ ವಿಗ್ರಹವು ಕಾಲು ಗಂಟೆ ತಡವಾಗಿ ಮುಗಿಯುತ್ತದೆ, ಅಷ್ಟೆ. ಅದೇ ಊರಿನ ಹುಡುಗ ಬಸ್ಸು ಹತ್ತಿ ಕಾರ್ಖಾನೆಯ ಕೆಲಸಕ್ಕೆ ಹೋದನೆಂದರೆ ಆ ಕಾಲು ಗಂಟೆಯ ಬೆಲೆಯೇ ಬೇರೆಯಾಗುತ್ತದೆ. ಆ ಬೆಲೆಯನ್ನು ಗೊತ್ತುಮಾಡುವವರು ಯಾರು? ಯಾವ ಲೆಕ್ಕದಲ್ಲಿ? ಇದನ್ನು ಈ ವಾರ ಪೈಸೆ ಪೈಸೆಯಾಗಿ ಎಣಿಸಿ ನೋಡೋಣ.

ನಿಯಮವನ್ನು ನೀವೆಲ್ಲರೂ ಬಲ್ಲಿರಿ. ಪಾಳಿ ಶುರುವಾದ ಮೇಲೆ ಹತ್ತು ನಿಮಿಷ ಮಾಫಿ. ಅದು ಮೀರಿದರೆ ಒಂದು ಲೇಟ್ ಮಾರ್ಕು. ಮೂರು ಲೇಟ್ ಮಾರ್ಕು ಕೂಡಿದರೆ ಅರ್ಧ ದಿನದ ಸಂಬಳ ಕಟ್. ಕೆಲವು ಕಡೆ ಮಾಫಿ ಐದೇ ನಿಮಿಷ, ಕೆಲವು ಕಡೆ ನಾಲ್ಕು ಮಾರ್ಕಿಗೆ ಕಟ್. ಹೆಚ್ಚು ಕಡಿಮೆ ಇದ್ದರೂ ಒಳಗಿನ ಲೆಕ್ಕ ಎಲ್ಲೆಡೆಯೂ ಒಂದೇ.

ತಿಂಗಳಿಗೆ 15,600 ರೂಪಾಯಿ ಸಂಬಳದ ಒಬ್ಬ ಕಾರ್ಮಿಕನನ್ನು ಲೆಕ್ಕಕ್ಕೆಂದು ತೆಗೆದುಕೊಳ್ಳೋಣ. 26 ಪಾಳಿಗಳ ತಿಂಗಳಿನಲ್ಲಿ ಅವನ ದಿನದ ಕೂಲಿ 600 ರೂಪಾಯಿ. ಎಂಟು ಗಂಟೆಯ ಪಾಳಿಗೆ ಹಂಚಿದರೆ ಗಂಟೆಗೆ 75 ರೂಪಾಯಿ, ನಿಮಿಷಕ್ಕೆ ಒಂದೂಕಾಲು ರೂಪಾಯಿ. ಈ ಒಂದೂಕಾಲು ರೂಪಾಯಿಯನ್ನು ನೆನಪಿಡಿ.

ಅವನು 2ನೇ ತಾರೀಖು 12 ನಿಮಿಷ ತಡವಾಗಿ ಬಂದ. 5ರಂದು 14 ನಿಮಿಷ, 9ರಂದು 11 ನಿಮಿಷ. ಒಟ್ಟು 37 ನಿಮಿಷ, ಅಂದರೆ 46 ರೂಪಾಯಿ 25 ಪೈಸೆಯ ಕೆಲಸ. ಕಂಪೆನಿ ಹಿಡಿದದ್ದು 300 ರೂಪಾಯಿ. ಮುಂದೆ 16ರಂದು 16 ನಿಮಿಷ, 21ರಂದು 13 ನಿಮಿಷ, 27ರಂದು 12 ನಿಮಿಷ. ಈ 41 ನಿಮಿಷದ ಕೆಲಸದ ಬೆಲೆ 51 ರೂಪಾಯಿ 25 ಪೈಸೆ. ಹಿಡಿದದ್ದು ಮತ್ತೆ 300.

ತಿಂಗಳ ಕೊನೆಗೆ ಕೂಡಿಸಿ ನೋಡಿ. ತಡವಾದದ್ದು 78 ನಿಮಿಷ, ಅದರ ಕೂಲಿ 97 ರೂಪಾಯಿ 50 ಪೈಸೆ. ಹೋದದ್ದು 600 ರೂಪಾಯಿ. ಹೆಚ್ಚಾಗಿ ಹೋದ 502 ರೂಪಾಯಿ 50 ಪೈಸೆಯನ್ನು ಏನೆಂದು ಕರೆಯಬೇಕು? ಅದು ಬಾರದ ಹೊತ್ತಿನ ಕೂಲಿಯಲ್ಲ. ಕಟ್ ಆದದ್ದು ಎರಡು ಅರ್ಧ ದಿನ, ಅಂದರೆ 480 ನಿಮಿಷ. ಅದರಲ್ಲಿ 78 ನಿಮಿಷ ಅವನು ಇರಲಿಲ್ಲ. ಉಳಿದ 402 ನಿಮಿಷ, ಆರು ಗಂಟೆ ನಲವತ್ತೆರಡು ನಿಮಿಷ, ಅವನು ಯಂತ್ರದ ಮುಂದೆ ನಿಂತು ದುಡಿದಿದ್ದಾನೆ. ಮಾಲು ತಯಾರಾಗಿದೆ, ಲಾರಿ ಹತ್ತಿದೆ, ಮಾರಾಟವಾಗಿದೆ. ಕೂಲಿ ಮಾತ್ರ ಬಂದಿಲ್ಲ. ಇದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಬಿಟ್ಟಿ!

ಇದರ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ. ಅವನು ಒಂದು ಬೆಳಿಗ್ಗೆ ಮನೆಯಲ್ಲೇ ಮಲಗಿ, ಊಟ ಮುಗಿಸಿ, ಮಧ್ಯಾಹ್ನಕ್ಕೆ ಬಂದ. ಅವನಿಗೂ ಹೋದದ್ದು 300 ರೂಪಾಯಿ. 9ನೇ ತಾರೀಖಿನಂದು ಹನ್ನೊಂದು ನಿಮಿಷ ತಡವಾಗಿ ಓಡಿ ಬಂದವನಿಗೂ ಅಷ್ಟೇ. ಹಾಗಾದರೆ ಮೂರನೆಯ ಮಾರ್ಕು ಬೀಳುವುದೆಂದು ಗೊತ್ತಾದವನು ಓಡಿ ಬರಬೇಕೇಕೆ? ಶಿಸ್ತಿಗಾಗಿ ಮಾಡಿದೆವೆನ್ನುವ ಈ ನಿಯಮವೇ ಅವನನ್ನು ಮನೆಗೆ ತಿರುಗಿಸುತ್ತಿದೆ.

ಇನ್ನು ಮಾರ್ಕು ಹಾಕುವ ಯಂತ್ರದ ಕಥೆ. ಒಂದು ಪಾಳಿಗೆ ಇನ್ನೂರು ಜನ, ಬೆರಳೊತ್ತುವ ಯಂತ್ರ ಎರಡು, ಒಬ್ಬರಿಗೆ ಐದು ಸೆಕೆಂಡು ಎಂದಿಟ್ಟುಕೊಳ್ಳಿ. ಸಾಲಿನ ಕೊನೆಯವನ ಸರದಿ ಬರುವಾಗ ಎಂಟು ನಿಮಿಷಕ್ಕಿಂತ ಹೆಚ್ಚು ಕಳೆದಿರುತ್ತದೆ. ಕಲ್ಲಿನ ಧೂಳಿನಲ್ಲಿ ಬೆಳೆದ ಒರಟು ಬೆರಳನ್ನು ಯಂತ್ರ ಒಂದೇ ಸಲಕ್ಕೆ ಗುರುತಿಸದಿದ್ದರೆ ಇನ್ನೂ ತಡ. ಗೇಟಿಗೆ ಮೂರು ನಿಮಿಷ ತಡವಾಗಿ ಬಂದವನು ಯಂತ್ರದ ಲೆಕ್ಕದಲ್ಲಿ ಹನ್ನೊಂದು ನಿಮಿಷ ತಡವಾದವನಾಗುವುದು ಹೀಗೆ. ಸಂಜೆ ಪಾಳಿ ಮುಗಿದ ಮೇಲೆ ಹನ್ನೊಂದು ನಿಮಿಷ ನಿಲ್ಲಿಸಿಕೊಂಡರೆ ಆ ಯಂತ್ರ ಯಾವ ಮಾರ್ಕು ಹಾಕುತ್ತದೆ? ಹೆಚ್ಚುವರಿ ದುಡಿಮೆಗೆ ಎರಡರಷ್ಟು ದರ ಕೊಡಬೇಕೆಂದು ಕಾಯಿದೆ ಹೇಳುತ್ತದೆ. ಬೆಳಗಿನ ನಿಮಿಷ ಕಾಣುವ ಕಣ್ಣಿಗೆ ಸಂಜೆಯ ನಿಮಿಷ ಕಾಣುವುದಿಲ್ಲವೆ?

ಒಬ್ಬನ ತಡದಿಂದ ಇಡೀ ಸಾಲಿನ ಕೆಲಸ ನಿಲ್ಲುತ್ತದೆ ಎಂದು ಆಡಳಿತದವರು ಹೇಳುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಬಾರದ ನಿಮಿಷಗಳಿಗೆ ಕೂಲಿ ಕೊಡಿರೆಂದು ನಾವು ಕೇಳುತ್ತಲೂ ಇಲ್ಲ. ಅಭ್ಯಾಸವಾಗಿ ತಡಮಾಡುವವನಿಗೆ ಎಚ್ಚರಿಕೆ ಕೊಡಲಿ, ನೋಟೀಸು ಕೊಟ್ಟು ವಿಚಾರಣೆ ನಡೆಸಲಿ, ಅದಕ್ಕೆ ದಾರಿಯಿದೆ. ಆದರೆ ಜೇಬಿಗೆ ಕೈಹಾಕುವುದು ಆ ದಾರಿಯಲ್ಲ.

ಕಾಯಿದೆಯ ಮಾತು ಸ್ಪಷ್ಟವಾಗಿದೆ. 1936ರ ವೇತನ ಪಾವತಿ ಕಾಯಿದೆಯ 9ನೇ ಕಲಮು, ಗೈರುಹಾಜರಿಗಾಗಿ ಹಿಡಿಯುವ ಹಣ ಗೈರುಹಾಜರಾದ ಹೊತ್ತಿನ ಪ್ರಮಾಣವನ್ನು ಮೀರಬಾರದು ಎಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆ ಹಳೆಯ ಕಾಯಿದೆಯ ಜಾಗಕ್ಕೆ ಬಂದಿದೆ. ಅದರ 20ನೇ ಕಲಮು ಅದೇ ಮಾತನ್ನು ಉಳಿಸಿಕೊಂಡಿದೆ. 78 ನಿಮಿಷ ತಡವಾದರೆ 78 ನಿಮಿಷದ ಕೂಲಿ, 97 ರೂಪಾಯಿ 50 ಪೈಸೆ. ಅದರ ಮೇಲೆ ಒಂದು ಪೈಸೆಯೂ ಗೈರುಹಾಜರಿಯ ಹೆಸರಿನಲ್ಲಿ ಸಲ್ಲದು.

"ಇದು ಗೈರುಹಾಜರಿ ಅಲ್ಲ, ದಂಡ" ಎಂದರೆ? ದಂಡಕ್ಕೂ ಕಟ್ಟುಪಾಡು ಉಂಟು. ಯಾವ ತಪ್ಪಿಗೆ ದಂಡವೆಂಬುದನ್ನು ಸರ್ಕಾರದ ಒಪ್ಪಿಗೆ ಪಡೆದು ಮೊದಲೇ ನೋಟೀಸು ಹಾಕಿರಬೇಕು. ಕಾರ್ಮಿಕನ ಸಮಜಾಯಿಷಿ ಕೇಳಬೇಕು. ತಿಂಗಳ ದಂಡ ಸಂಬಳದ ನೂರಕ್ಕೆ ಮೂರನ್ನು ಮೀರಬಾರದು: 15,600ಕ್ಕೆ 468 ರೂಪಾಯಿ. ವಸೂಲಾದ ಹಣ ಕಾರ್ಮಿಕರ ಹಿತಕ್ಕೇ ಖರ್ಚಾಗಬೇಕು, ಮಾಲೀಕರ ಪೆಟ್ಟಿಗೆಗಲ್ಲ. ನಮ್ಮ ಲೆಕ್ಕದ 97 ರೂಪಾಯಿ 50 ಪೈಸೆಗೆ ಈ 468ನ್ನು ಪೂರ್ತಿ ಸೇರಿಸಿದರೂ 565 ರೂಪಾಯಿ 50 ಪೈಸೆ. ಅವರು ಹಿಡಿದದ್ದು 600!

ಮಾಡಬೇಕಾದ್ದೇನು? ಒಂದು ಎರಡು ರೂಪಾಯಿಯ ಪುಸ್ತಕದಷ್ಟು ಜಾಗ ಸಾಕು. ತಾರೀಖು, ಗೇಟಿಗೆ ಬಂದ ಹೊತ್ತು, ಬೆರಳೊತ್ತಿದ ಹೊತ್ತು, ಹೊರಬಿದ್ದ ಹೊತ್ತು, ಇಷ್ಟನ್ನು ದಿನವೂ ಬರೆದಿಡಿ. ಸಂಬಳದ ಚೀಟಿ ಕೊಡುವುದು ಮಾಲೀಕರ ಕರ್ತವ್ಯ, ಕೇಳಿ ಪಡೆಯಿರಿ. ದುಡಿದ ದಿನ ಅದರಲ್ಲಿ "ಅರ್ಧ ದಿನ ಗೈರು" ಎಂದಿದ್ದರೆ ಅದನ್ನು ಜೋಪಾನವಾಗಿಡಿ. ಅದೇ ನಿಮ್ಮ ಸಾಕ್ಷಿ. ಮೂರು ವರ್ಷದೊಳಗೆ ಸಂಬಂಧಪಟ್ಟ ಅಧಿಕಾರಿಗೆ ನೀವಾಗಲಿ ನಿಮ್ಮ ಸಂಘವಾಗಲಿ ಅರ್ಜಿ ಹಾಕಬಹುದು. ಕಟ್ ಮಾಡಿದ್ದು ಸರಿಯೆಂದು ತೋರಿಸುವ ಹೊಣೆ ಮಾಲೀಕರದು. ಆದರೆ ಸಿಟ್ಟಿನಲ್ಲಿ, ನೋಟೀಸಿಲ್ಲದೆ, ಗುಂಪಾಗಿ ಕೆಲಸ ಬಿಟ್ಟು ಹೋಗಬೇಡಿರಿ. ಸಕಾರಣವಿಲ್ಲದೆ ಹತ್ತು ಅಥವಾ ಹೆಚ್ಚು ಜನ ಹಾಗೆ ಮಾಡಿದರೆ, ಕರಾರಿನಲ್ಲಿ ನೋಟೀಸಿನ ಷರತ್ತು ಇದ್ದ ಕಡೆ, ಎಂಟು ದಿನಗಳ ಕೂಲಿಯವರೆಗೆ ಹಿಡಿಯಲು ಅದೇ 20ನೇ ಕಲಮು ಎಡೆಕೊಡುತ್ತದೆ.

ಅಂಗಡಿಯ ಬಂಧುಗಳಿಗೂ ಒಂದು ಮಾತು. ಕಾರ್ಮಿಕನ ಸಂಬಳದಿಂದ ಹೋದ 502 ರೂಪಾಯಿ 50 ಪೈಸೆ ನಿಮ್ಮ ಉದ್ದರಿ ಪುಸ್ತಕದಲ್ಲಿ ಮುಂದಿನ ತಿಂಗಳಿಗೆ ಬಾಕಿಯಾಗಿ ನಿಲ್ಲುತ್ತದೆ. ಅಕ್ಕಿ ಬೇಳೆಯ ಹಣ ಅದು. ಹಾಗೆಯೇ ನಿಮ್ಮ ಅಂಗಡಿಯ ಹುಡುಗ ತಡವಾಗಿ ಬಂದ ದಿನವೂ ಈ ಒಂದೂಕಾಲು ರೂಪಾಯಿಯ ಲೆಕ್ಕವನ್ನೇ ಹಿಡಿಯಿರಿ. ಸಂಹಿತೆ ಅಂಗಡಿಗೂ ಉಂಟು, ನ್ಯಾಯವೂ ಉಂಟು.

ನಮ್ಮ ಬೇಡಿಕೆ ದೊಡ್ಡದಲ್ಲ. ಬಾರದ ನಿಮಿಷದ ಕೂಲಿಯನ್ನು ಹಿಡಿದುಕೊಳ್ಳಿ. ದುಡಿದ ನಿಮಿಷದ ಕೂಲಿಯನ್ನು ಇಟ್ಟು ಹೋಗಿ!