ಕರ್ಣನ ರಥದ ಗಾಲಿ

ಈ ಸಲದ ಹರಟೆ ಹುಟ್ಟಿದ್ದು ಜುಫೈರ್‌ನ ನಮ್ಮ ಫ್ಲ್ಯಾಟಿನಲ್ಲಿ. ಶುಕ್ರವಾರ ಊಟ ಮುಗಿಸಿ, ಊರಿನಿಂದ ಬಂದ ಯಕ್ಷಗಾನದ ವಿಡಿಯೋವನ್ನು ಟೀವಿಗೆ ಹಾಕಿಕೊಂಡು ನಾಲ್ಕೈದು ಮಂದಿ ಕೂತಿದ್ದೆವು. ಪ್ರಸಂಗ ಕರ್ಣಪರ್ವ. ಗಾಲಿ ಹೂತುಹೋಗುವ ಹೊತ್ತಿಗೆ ಜೊತೆಗಿದ್ದ ಹುಡುಗನೊಬ್ಬ ಕೇಳಿದ: "ಅಣ್ಣ, ಹಸು ಸತ್ತದ್ದು ಗೊತ್ತಿಲ್ಲದೆ ತಾನೇ? ಅದಕ್ಕೆ ಜೀವವನ್ನೇ ತೆಗೆಯುವುದಾ?" ಅಲ್ಲಿಂದ ಚಹಾ ಎರಡು ಸುತ್ತು ಆಯಿತು, ಮಾತು ಮುಗಿಯಲಿಲ್ಲ.

ಕರ್ಣನಿಗೆ ಶಾಪ ಎರಡು. ಬ್ರಹ್ಮಾಸ್ತ್ರ ಕಲಿಸಿ ಎಂದು ಅವನು ಮೊದಲು ಕೇಳಿದ್ದು ದ್ರೋಣನನ್ನು. ವ್ರತನಿಷ್ಠ ಬ್ರಾಹ್ಮಣನಿಗೆ ಅಥವಾ ತಪಸ್ಸು ಮಾಡಿದ ಕ್ಷತ್ರಿಯನಿಗೆ ಮಾತ್ರ ಅದು ಎಂದು ದ್ರೋಣ ಬಾಗಿಲು ಹಾಕಿದ. ಕರ್ಣ ಮಹೇಂದ್ರ ಪರ್ವತಕ್ಕೆ ಹೋಗಿ ತಾನು ಭಾರ್ಗವ ಎಂದು ಹೇಳಿ ಪರಶುರಾಮನ ಶಿಷ್ಯನಾದ. ಒಂದು ದಿನ ಗುರು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳವೊಂದು ತೊಡೆ ಕೊರೆಯಿತು. ಗುರುವಿನ ನಿದ್ದೆ ಕೆಡಬಾರದೆಂದು ಇವನು ಅಲುಗಲಿಲ್ಲ. ರಕ್ತ ತಾಗಿ ಎಚ್ಚರವಾದ ಪರಶುರಾಮನಿಗೆ ಒಡನೆ ಅನುಮಾನ ಬಂತು: ಇಷ್ಟು ನೋವು ತಡೆದುಕೊಳ್ಳುವವನು ಬ್ರಾಹ್ಮಣನಲ್ಲ. ಸುಳ್ಳು ಹೊರಬಿದ್ದದ್ದು ಗುರುಭಕ್ತಿಯಿಂದಲೇ! ವಿದ್ಯೆ ಕೊಟ್ಟ ಗುರು ತಂದೆಗೆ ಸಮಾನ, ಅದಕ್ಕೇ ನಿಮ್ಮ ಗೋತ್ರ ಹೇಳಿದೆ ಎಂದು ಕರ್ಣ ಕಣ್ಣೀರಿಟ್ಟ. ಗುರು ಕರಗಲಿಲ್ಲ.

ಆದರೆ ಪರಶುರಾಮ ವಿದ್ಯೆಯನ್ನು ವಾಪಸು ಕಿತ್ತುಕೊಳ್ಳುವುದಿಲ್ಲ. ನಿನಗೆ ಸಮಾನನಾದವನ ಜೊತೆ ಹೋರಾಡುತ್ತಾ ಸಾವು ಹತ್ತಿರ ಬಂದಾಗ ಅದು ನೆನಪಿಗೆ ಬಾರದು ಎನ್ನುತ್ತಾನೆ. ಯುದ್ಧದಲ್ಲಿ ನಿನಗೆ ಸಾಟಿಯಾದ ಕ್ಷತ್ರಿಯ ಇರುವುದಿಲ್ಲ ಎಂದು ಸೇರಿಸಿಯೇ ಕಳಿಸುತ್ತಾನೆ. ಅಲ್ಲೇ ಅಸ್ತ್ರ ಹೋಗಿದ್ದರೆ ಕರ್ಣ ಅಷ್ಟು ದೊಡ್ಡ ವೀರನಾಗುತ್ತಿರಲಿಲ್ಲ, ದುರ್ಯೋಧನ ಅವನನ್ನು ನಂಬಿ ಯುದ್ಧಕ್ಕಿಳಿಯುತ್ತಿರಲಿಲ್ಲ. ಶಾಪಕ್ಕೆ ಒಂದು ಗಡುವು ಹಾಕಿದ್ದರಿಂದಲೇ ಕಥೆ ಮುಂದೆ ಸಾಗಿತು.

ಎರಡನೆಯ ಶಾಪ ಆಶ್ರಮದ ಹತ್ತಿರದ್ದು. ಬಾಣದ ಅಭ್ಯಾಸ ಮಾಡುತ್ತಿದ್ದಾಗ ಗೊತ್ತಿಲ್ಲದೆ ಅಗ್ನಿಹೋತ್ರಿಯೊಬ್ಬನ ಹಸುವನ್ನು ಕೊಂದ. ನೀನು ಯಾರ ಮೇಲೆ ಸದಾ ಸ್ಪರ್ಧೆ ಮಾಡುತ್ತೀಯೋ ಅವನೊಡನೆ ಕಾದುವಾಗ ಭೂಮಿ ನಿನ್ನ ಗಾಲಿ ನುಂಗಲಿ ಎಂದ ಆ ಬ್ರಾಹ್ಮಣ. ಹಸು, ಎತ್ತು, ಆನೆ ಏನು ಕೊಡುತ್ತೇನೆಂದರೂ ಒಪ್ಪಲಿಲ್ಲ. ಆಡಿದ ಮಾತು ಸುಳ್ಳಾಗಬಾರದು ಎಂಬುದೊಂದೇ ಅವನ ಉತ್ತರ.

ಈಗ ಕುರುಕ್ಷೇತ್ರದ ಹದಿನೇಳನೆಯ ದಿನ ಕರ್ಣನ ಬಳಿ ಉಳಿದದ್ದೇನು ನೋಡಿ. ಕವಚ ಕುಂಡಲ ಇಂದ್ರನಿಗೆ ಹೋಗಿತ್ತು. ಇಂದ್ರ ಕೊಟ್ಟ ಶಕ್ತಿ ಘಟೋತ್ಕಚನ ಮೇಲೆ ಖರ್ಚಾಗಿತ್ತು. ಉಳಿದದ್ದು ಗುರು ಕೊಟ್ಟ ಅಸ್ತ್ರ ಮತ್ತು ಓಡುವ ರಥ. ಎರಡು ಶಾಪಗಳು ಸರಿಯಾಗಿ ಆ ಎರಡನ್ನೇ ಹಿಡಿದು ನಿಲ್ಲಿಸುತ್ತವೆ. ಕಥೆ ಕಟ್ಟಿದವನ ಲೆಕ್ಕಾಚಾರ ಇದು. ಅದು ಲೆಕ್ಕಾಚಾರದಂತೆ ಕಾಣದಿರುವುದಕ್ಕೆ ಕಾರಣ, ಶಾಪದ ಆಕಾರ ತಪ್ಪಿನ ಆಕಾರದಂತೆಯೇ ಇರುವುದು. ಸುಳ್ಳು ಹೇಳಿ ಪಡೆದ ವಿದ್ಯೆ ಮರೆತುಹೋಯಿತು. ಕದಲದೆ ನಿಂತ ಪ್ರಾಣಿಯನ್ನು ನೋಡದೆ ಹೊಡೆದವನು ತಾನೇ ಕದಲಲಾಗದೆ ನಿಂತ. ಎದುರಾಳಿ ಬಲಶಾಲಿ ಎಂಬ ಒಂದೇ ಕಾರಣಕ್ಕೆ ಕರ್ಣ ಸತ್ತಿದ್ದರೆ ನಮಗೆ ಅದು ಬರೀ ಸೋಲು.

ನಮ್ಮಲ್ಲಿ ಹಲವರಿಗೆ ಗೊತ್ತಿರದ ಒಂದು ಸಂಗತಿಯಿದೆ. ಸಂಸ್ಕೃತ ಭಾರತದಲ್ಲಿ ಈ ಶಾಪಗಳ ಕಥೆ ಎರಡು ಕಡೆ ಬರುತ್ತದೆ. ಕರ್ಣಪರ್ವದಲ್ಲಿ ಕೊನೆಯ ಕಾಳಗಕ್ಕೆ ಮೊದಲು ಕರ್ಣನೇ ಶಲ್ಯನಿಗೆ ಹೇಳಿಕೊಳ್ಳುತ್ತಾನೆ. ಅಲ್ಲಿ ಹುಳವಾಗಿ ಬಂದವನು ಇಂದ್ರ. ಮತ್ತೆ ಯುದ್ಧವೆಲ್ಲ ಮುಗಿದ ಮೇಲೆ ಶಾಂತಿಪರ್ವದಲ್ಲಿ ನಾರದ ಹೇಳುತ್ತಾನೆ. ಅಲ್ಲಿ ಹುಳವೇ ಭೃಗುವಿನ ಶಾಪಕ್ಕೆ ಸಿಕ್ಕ ಒಬ್ಬ ಅಸುರ, ಪರಶುರಾಮನ ಕಣ್ಣಿಗೆ ಬಿದ್ದು ಬಿಡುಗಡೆಯಾಗುತ್ತಾನೆ. ಕುಮಾರವ್ಯಾಸ ಹಾಡಿದ್ದು ಗದಾಪರ್ವದವರೆಗೆ ಹತ್ತು ಪರ್ವ ಮಾತ್ರ, ಹಾಗಾಗಿ ಗಮಕದಲ್ಲಿ ಭಾರತ ಕೇಳಿ ಬೆಳೆದವರಿಗೆ ಈ ನಾರದ ಸಿಗುವುದಿಲ್ಲ.

ನಾರದನಿಂದ ಕಥೆ ಕೇಳುವವನು ಧರ್ಮರಾಯ. ಕರ್ಣ ತನ್ನ ಅಣ್ಣ ಎಂದು ಆಗಷ್ಟೇ ತಿಳಿದಿದೆ. ಭೂಮಿ ನನ್ನ ಅಣ್ಣನ ಗಾಲಿಯನ್ನು ಏಕೆ ನುಂಗಿತು ಎಂಬುದೇ ಅವನ ಪ್ರಶ್ನೆ. ಗೆದ್ದವನಿಗೆ ಗೆಲುವು ದಕ್ಕದಂತೆ ಮಾಡುವ ಪ್ರಶ್ನೆ ಅದು. ನಾರದ ಶಾಪ, ವಂಚನೆ, ಸಾವುಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಧರ್ಮರಾಯನಿಗೆ ಸಮಾಧಾನವಾಗುವುದಿಲ್ಲ. ಇಷ್ಟು ದಿನ ಗುಟ್ಟು ಬಚ್ಚಿಟ್ಟಳೆಂದು ಅವನು ತಾಯಿಯ ಮೇಲೆ ಸಿಟ್ಟಾಗಿ, ಹೆಂಗಸರ ಬಾಯಲ್ಲಿ ಇನ್ನು ಗುಟ್ಟು ನಿಲ್ಲದಿರಲಿ ಎಂದು ತಾನೇ ಶಪಿಸುತ್ತಾನೆ. ಶಾಪದ ಕಥೆ ಕೇಳಿ ಇನ್ನೊಂದು ಶಾಪ! ಅದೂ ಕುಂತಿಯೊಬ್ಬಳ ತಪ್ಪಿಗೆ ಲೋಕದ ಹೆಂಗಸರಿಗೆಲ್ಲ. ಋಷಿಗಳ ಶಾಪಕ್ಕಿರುವ ಅಳತೆ ಇದಕ್ಕಿಲ್ಲ, ಇದು ಬರೀ ದುಃಖ.

ಹುಡುಗನ ಪ್ರಶ್ನೆಗೆ ನಾವು ಹೇಳಿದ್ದು ಇಷ್ಟು: ಹಸುವಿನ ವಿಷಯದಲ್ಲಿ ಶಿಕ್ಷೆ ಹೆಚ್ಚೇ ಆಯಿತು, ಮಹಾಭಾರತವೂ ಅದನ್ನು ಮುಚ್ಚಿಡುವುದಿಲ್ಲ. ದ್ರೋಣ ಬಾಗಿಲು ಹಾಕದಿದ್ದರೆ ಸುಳ್ಳೇ ಇರುತ್ತಿರಲಿಲ್ಲವಲ್ಲ ಎಂದು ಅವನು ಮತ್ತೆ ಕೇಳಿದ. ಅಷ್ಟರಲ್ಲಿ ಟೀವಿಯಲ್ಲಿ ಕರ್ಣ ರಥದಿಂದ ಇಳಿದಿದ್ದ, ಯಾರೋ ಶಬ್ದ ಜಾಸ್ತಿ ಮಾಡಿದರು.