ಹೊಟ್ಟೆ ತಣ್ಣಗಿರಲಿ ಎಂದರೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸಿನಲ್ಲಿ ನಿಂತಿದ್ದೆ. ಉತ್ತರದ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದಂತಿದ್ದ ಒಬ್ಬಳು ಹುಡುಗಿ ಎದ್ದು ಅಜ್ಜಿಯೊಬ್ಬರಿಗೆ ಸೀಟು ಬಿಟ್ಟುಕೊಟ್ಟಳು, ಕುಡಿಯಲು ನೀರೂ ಕೊಟ್ಟಳು. ಅಜ್ಜಿ ನೀರು ಕುಡಿದು, "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಮ್ಮ" ಅಂದರು. ಹುಡುಗಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಕಾಲೇಜು ವಿದ್ಯಾರ್ಥಿನಿ ನೆರವಿಗೆ ಬಂದು ಹಿಂದಿಯಲ್ಲಿ ಹೇಳಿದಳು: "ಆಪ್‌ಕಾ ಪೇಟ್ ಠಂಡಾ ರಹೇ." ಹುಡುಗಿ ಗಾಬರಿಯಿಂದ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡು, ತನಗೇನೂ ಆಗಿಲ್ಲ ಎಂದಳು.

ಮೂರು ಪದಗಳಿಗೂ ಸರಿಯಾದ ಹಿಂದಿ ಪದವೇ ಬಂದಿತ್ತು. ಆದರೂ ಹರಕೆ ಹೋಗಿ ಕಾಯಿಲೆಯ ಮಾತಾಯಿತು. ಏಕೆ?

ಮೊದಲು 'ಹೊಟ್ಟೆ'. ಕನ್ನಡದಲ್ಲಿ ಅದು ಅನ್ನ ಸೇರುವ ಜಾಗ ಮಾತ್ರವಲ್ಲ. "ನನ್ನ ಹೊಟ್ಟೇಲಿ ಹುಟ್ಟಿದ ಮಗ" ಎನ್ನುವ ತಾಯಿಗೆ ಅದು ಬಸಿರು. "ತಪ್ಪನ್ನ ಹೊಟ್ಟೇಲಿ ಹಾಕ್ಕೊಳ್ಳಿ" ಎಂದು ಬೇಡುವವನಿಗೆ ಅದು ಕ್ಷಮೆಯ ಜಾಗ. ಅಜ್ಜಿಯ ಹರಕೆಯಲ್ಲಿ ಹೊಟ್ಟೆ ಎಂದರೆ ಹೊಟ್ಟೆಯಲ್ಲಿ ಹುಟ್ಟಿದವರು, ಮುಂದೆ ಹುಟ್ಟುವವರು. ಆ ಹುಡುಗಿಗೆ ಮಕ್ಕಳ ನೋವು ಬಾರದಿರಲಿ ಎಂಬುದು ಅದರ ತಿರುಳು. ಹಿಂದಿಯ 'ಪೇಟ್'ಗೆ ಬಸಿರಿನ ಅರ್ಥ ಇಲ್ಲವೆಂದಲ್ಲ. ಆದರೆ 'ಠಂಡಾ' ಪಕ್ಕಕ್ಕೆ ಬಂದೊಡನೆ ಕೇಳುವವರ ಮನಸ್ಸು ಊಟಕ್ಕೋ ಔಷಧಿಗೋ ಹೋಗುತ್ತದೆ.

ಇನ್ನು 'ತಣ್ಣಗೆ'. ಬಿಸಿಲ ನಾಡಿನ ಭಾಷೆಗೆ ಸಂಕಟವೆಲ್ಲ ಉರಿ: ಹೊಟ್ಟೆಯುರಿ, ಒಡಲುರಿ, ಕರುಳು ಬೇಯುವುದು. ನೆಮ್ಮದಿಯೆಲ್ಲ ತಂಪು. ಉಪಕಾರ ಮಾಡಿದವರನ್ನು ತಂಪು ಹೊತ್ತಿನಲ್ಲಿ ನೆನೆಯಬೇಕು ಎನ್ನುವುದೂ ಅದಕ್ಕೇ. ಇಂಗ್ಲಿಷಿನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಪ್ರೀತಿ ಬೆಚ್ಚಗಿರುತ್ತದೆ, ತಣ್ಣಗಿನ ಮನುಷ್ಯ ಎಂದರೆ ಕರುಣೆಯಿಲ್ಲದವನು. ಕನ್ನಡದಲ್ಲೂ ಈ ಪದವನ್ನು ಎಚ್ಚರದಿಂದಲೇ ಬಳಸುತ್ತೇವೆ. 'ತಣ್ಣಗಿರಲಿ' ಹರಕೆ, 'ಮೈ ತಣ್ಣಗಾಯಿತು' ಎಂದರೆ ಜೀವ ಹೋಯಿತು. ಇರುವುದಕ್ಕೂ ಆಗುವುದಕ್ಕೂ ನಡುವಿನ ಈ ಅಂತರ ಕನ್ನಡದವರ ಕಿವಿಗೆ ಗೊತ್ತು.

ಹಾಗಾದರೆ ಪದಕ್ಕೆ ಪದ ಇಡುವುದು ಎಂದೂ ಸಲ್ಲದೆ? ಹಾಗೆ ಹೇಳಲು ಭದ್ರಾವತಿ ಬಿಡುವುದಿಲ್ಲ. 1923ರಲ್ಲಿ ಆರಂಭಗೊಂಡ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ ಈ ಊರಿಗೆ ತಮಿಳು, ತೆಲುಗು, ಮಲಯಾಳ, ಉರ್ದು ಮಾತಿನ ಮನೆಗಳನ್ನೆಲ್ಲ ತಂದವು. ಇದೇ ಹರಕೆಯನ್ನು ತೆಲುಗಿನ ನೆರೆಯವಳಿಗೆ ಪದಕ್ಕೆ ಪದ ಹೇಳಿದರೆ ಒಂದಿಷ್ಟೂ ಕೆಡುವುದಿಲ್ಲ. ತೆಲುಗಿನವರ 'ಕಡುಪು ಚಲ್ಲಗಾ' ನಮ್ಮ ಮಾತೇ. ಅಲ್ಲಿಯೂ ಕಡುಪು ಎಂದರೆ ಹೊಟ್ಟೆ, ಬಸಿರು ಎರಡೂ. ಉರ್ದುವಿನಲ್ಲೂ ಹಳೆಯ ಹೆಂಗಸರ ಹರಕೆಯೊಂದಿದೆ: 'ಮಾಂಗ್, ಕೋಖ್ ಠಂಡಿ ರಹೇ.' ಬೈತಲೆ ಎಂದರೆ ಗಂಡ, ಕೋಖ್ ಎಂದರೆ ಬಸಿರು, ಎರಡೂ ತಂಪಾಗಿರಲಿ. ಅಂದರೆ ತಂಪಿನ ಹರಕೆ ಆ ಕಡೆಗೆ ಹೊಸದಲ್ಲ, ಅಂಗ ಬೇರೆ ಅಷ್ಟೆ. ವಿದ್ಯಾರ್ಥಿನಿ ಪೇಟ್ ಬದಲು ಕೋಖ್ ಅಂದಿದ್ದರೆ ಹರಕೆ ಹರಕೆಯಾಗಿಯೇ ಕೇಳಿಸುತ್ತಿತ್ತು. ಆದರೆ ಬಸ್ಸಿನಲ್ಲಿ ಎಲ್ಲರೆದುರು ಮದುವೆಯಾಗದ ಹುಡುಗಿಗೆ ಅದು ಮುಜುಗರವೂ ಆಗುತ್ತಿತ್ತು. 'ಹೊಟ್ಟೆ' ಎನ್ನುವ ಕನ್ನಡ ಪದ ಬಸಿರನ್ನು ಮರೆಮಾಡಿಯೇ ಹರಸುತ್ತದೆ. ಅದರ ನಯ ಇರುವುದೇ ಅಲ್ಲಿ.

'ದೀರ್ಘ ಸುಮಂಗಲಿ ಭವ'ದ ಕಷ್ಟ ಬೇರೆ. ಇಂಗ್ಲಿಷಿನಲ್ಲಿ ಅದಕ್ಕೆ ಹತ್ತಿರದ ಮಾತೇ ಇಲ್ಲ, ಏಕೆಂದರೆ ಗಂಡನಿರುವುದೇ ಮಂಗಳವೆಂಬ ನಂಬಿಕೆ ಆ ಭಾಷೆಯಲ್ಲಿಲ್ಲ. ಅರ್ಥ ಬಿಡಿಸಿ ಹೇಳಹೊರಟರೆ 'ಗಂಡನಿಗಿಂತ ಮೊದಲು ನೀನು ಹೋಗು' ಎಂಬಲ್ಲಿಗೆ ಮುಟ್ಟುತ್ತದೆ. ಹರಸುವ ಹಿರಿಯರ ಮನಸ್ಸಿನಲ್ಲಿ ಆ ಕ್ಷಣ ಸಾವಿನ ಸುಳಿವೂ ಇರುವುದಿಲ್ಲ. ಬಗ್ಗಿದ ತಲೆ, ಕೈಯಲ್ಲಿನ ಅಕ್ಷತೆ, ಅಷ್ಟೇ ಇರುತ್ತದೆ. ಈ ಹರಕೆಯನ್ನು ಅನುವಾದಿಸದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪುಸ್ತಕದ ದಾರಿ ಬೇರೆ. ಇದೇ ಜಿಲ್ಲೆಯ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಎ. ಕೆ. ರಾಮಾನುಜನ್ ಇಂಗ್ಲಿಷಿಗೆ ತಂದಾಗ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಓದುಗನಿಗೆ ಇಡೀ ಕಾದಂಬರಿಯ ಬಿಡುವಿತ್ತು, ಪದದ ಅರ್ಥ ನಿಧಾನವಾಗಿ ತೆರೆದುಕೊಂಡಿತು. ಬಸ್ಸಿನಲ್ಲಿ ಆ ಬಿಡುವಿಲ್ಲ. ಅಲ್ಲಿ ದಾಟಬೇಕಾದದ್ದು ಅಜ್ಜಿ ಆಡಿದ ಪದವಲ್ಲ, ಮಾಡಿದ ಕೆಲಸ: ಹಿರಿಯಳೊಬ್ಬಳು ಕಿರಿಯಳನ್ನು ಹರಸಿದ್ದು. ಆ ಕೆಲಸವನ್ನು ಹಿಂದಿಯ ಮನೆಗಳಲ್ಲಿ ದಿನವೂ ಮಾಡುವ ಮಾತೊಂದಿದೆ. ಮಕ್ಕಳ ಸುದ್ದಿ ಅದರಲ್ಲಿ ಬರುವುದಿಲ್ಲ, ತಂಪೂ ಬರುವುದಿಲ್ಲ. ಅಷ್ಟು ನಷ್ಟವನ್ನು ಒಪ್ಪಿಕೊಳ್ಳಬೇಕು. ಆ ಮಧ್ಯಾಹ್ನ "ಜೀತೀ ರಹೋ ಬೇಟಿ ಅಂತಿದ್ದಾರೆ" ಎಂದಿದ್ದರೆ ಸಾಕಿತ್ತು.